ಒಂಬತ್ತನೆಯ ಕಾಲಮ್ಮಿನ ತೊಂಬತ್ತೊಂಬತ್ತು

ನಮ್ಮ ಅಜ್ಜಿ ಹೊಳೆಮ್ಮನ ಕತೆಗಳಲ್ಲಿ ಹಾವಿಗೆ ಕೈತುಂಬ ಕೆಲಸವಿರುತ್ತಿತ್ತು. ನಿಧಿ ಕಾಯಬೇಕು, ಹನ್ನೆರಡು ವರ್ಷ ಸೇಡು ನೆನಪಿಡಬೇಕು, ಬೇಕಾದಾಗ ರಾಜಕುಮಾರನಾಗಿ ಮದುವೆಗೆ ಬರಬೇಕು. ಕಂಪ್ಲಿಯ ಆ ಜಗಲಿಯಿಂದ ಎದ್ದು ಬಂದು ನಾನು ಎಂ.ಡಿ. ಮೆಡಿಸಿನ್ ಸೇರಿದೆ. ಅಲ್ಲಿ ಹಾವಿಗೆ ಸಿಕ್ಕಿದ್ದು ಒಂದು ಕಾಲಮ್ಮು. ನಾಗರಹಾವು 1, ಕಟ್ಟುಹಾವು 2, ಕೊಳಕುಮಂಡಲ 3, ಗರಗಸಮಂಡಲ 4. ಏನೆಂದು ಗೊತ್ತಾಗದ್ದು 5. ರಾಜಕುಮಾರನಿಗೆ ಸಂಖ್ಯೆ ಕೊಟ್ಟಿರಲಿಲ್ಲ.

ಹೊಸಪೇಟೆಯ ನಮ್ಮ ಕಾಲೇಜಿನಲ್ಲಿ ಎರಡು ವರ್ಷ ಕೂಡಿಹಾಕಿದ ನಲವತ್ತು ಹಾವು ಕಡಿತದ ರೋಗಿಗಳು ನನ್ನ ಪ್ರಬಂಧದ ವಸ್ತು. ಒಬ್ಬೊಬ್ಬರದೂ ನಾಲ್ಕು ಪುಟದ ಕೇಸ್ ಶೀಟು. ಆ ನೂರರವತ್ತು ಪುಟವನ್ನು ಪರೀಕ್ಷಕರು ಓದುವುದಿಲ್ಲ, ಓದಬೇಕೆಂದು ಯಾರೂ ಬಯಸುವುದೂ ಇಲ್ಲ. ಆದ್ದರಿಂದ ಮಾಸ್ಟರ್ ಚಾರ್ಟ್ ಎಂಬ ಒಂದು ದೊಡ್ಡ ಹಾಳೆ. ರೋಗಿಗೊಂದು ಸಾಲು, ವಿಷಯಕ್ಕೊಂದು ಕಾಲಮ್ಮು. ತಲೆಬರಹ ಬರೆಯಲು ಜಾಗವಿಲ್ಲದ್ದರಿಂದ ಕಾಲಮ್ಮುಗಳಿಗೆ ಒಂದರಿಂದ ಇಪ್ಪತ್ತಾರರವರೆಗೆ ನಂಬರು. ಯಾವ ನಂಬರು ಏನು, ಒಳಗಿನ ಅಂಕಿಗೆ ಏನರ್ಥ ಎಂದು ಹೇಳಲು ಬೇರೆ ಹಾಳೆಯಲ್ಲಿ ಒಂದು ಕೀ. ಕೀ ಕೈಯಲ್ಲಿದ್ದರೆ ಚಾರ್ಟು ಮಾತಾಡುತ್ತದೆ. ಇಲ್ಲದಿದ್ದರೂ ಮಾತಾಡುತ್ತದೆ, ಆದರೆ ಬಾಯಿಗೆ ಬಂದಿದ್ದು.

ರೋಗಿಯ ಹೆಸರು ಚಾರ್ಟಿನಲ್ಲಿ ಬರಕೂಡದು, ಅದು ನಿಯಮ. ಹಾಗಾಗಿ ಮೆಟ್ರಿಯ ದುರ್ಗಕ್ಕ ಇಪ್ಪತ್ಮೂರನೆಯ ಸಾಲಾದಳು. ಹೆಣ್ಣು, ಅಂದರೆ 2. ಕೂಲಿ, ಅಂದರೆ 1. ಕಚ್ಚಿದ್ದು ಪಾದಕ್ಕೆ, ಅಂದರೆ 1. ಹಾವು ಕೊಳಕುಮಂಡಲ, ಅಂದರೆ 3. ಇಪ್ಪತ್ತಾರನೆಯ ಕಾಲಮ್ಮಿನಲ್ಲಿ 1, ಗುಣಮುಖ. 2 ಎಂದರೆ ಸಾವು. ಅಷ್ಟು ಸಣ್ಣ ವ್ಯತ್ಯಾಸ.

ಒಂಬತ್ತನೆಯ ಕಾಲಮ್ಮು ಕಚ್ಚಿದ ಮೇಲೆ ಆಸ್ಪತ್ರೆಗೆ ಬರಲು ಎಷ್ಟು ತಾಸು ಹಿಡಿಯಿತು ಎಂಬುದು. ಹನ್ನೆರಡು ಕೇಸ್ ಶೀಟುಗಳಲ್ಲಿ ಆ ಜಾಗ ಖಾಲಿ ಇತ್ತು. ನನ್ನ ಸೀನಿಯರ್ ಸೌಜನ್ಯಕ್ಕನನ್ನು ಕೇಳಿದೆ.

"ಖಾಲಿ ಮನಿ ಬಿಡಬ್ಯಾಡಲೇ ಪಂಪಾ, ಸೋಮಾರಿ ಅಂತಾರ" ಎಂದಳು. "ಮಾಹಿತಿ ಸಿಗಲಿಲ್ಲ ಅಂದ್ರ ಒಂದಂಕಿ ಕಾಲಮ್ಮಿಗೆ 9, ಎರಡಂಕಿದಕ್ಕ 99 ಹಾಕು. ಕೀ ಒಳಗ ಬರಕೊ. ನಾನೂ ಹಂಗ ಮಾಡಿದ್ದೆ, ನನ್ನ ಸೀನಿಯರೂ ಹಂಗ ಮಾಡಿದ್ದ."

ವೈದ್ಯಶಾಸ್ತ್ರದಲ್ಲಿ ಇದಕ್ಕೆ ಪರಂಪರೆ ಎನ್ನುತ್ತಾರೆ. ಹನ್ನೆರಡು ಮನೆಗಳಲ್ಲೂ 99 ತುಂಬಿದೆ. ಚಾರ್ಟು ತುಂಬಿದ ಬಸುರಿಯ ಹಾಗೆ ಕಂಗೊಳಿಸಿತು.

ಕೀ ಟೈಪು ಮಾಡುವ ಮೊದಲೇ ನನ್ನ ಗೈಡು ಡಾ. ಸಿದ್ದಲಿಂಗೇಶ್ ಸರ್ ಅವಸರ ಮಾಡಿದರು. ಅವರು ವಿಭಾಗದ ಮುಖ್ಯಸ್ಥರು. ಅವಸರ ಮಾಡುವುದು ಅವರ ಹಕ್ಕು, ಅವಸರ ಪಡುವುದು ನಮ್ಮ ಕರ್ತವ್ಯ. "ಕೀ ಬೈಂಡಿಂಗ್ ಹೊತ್ತಿಗೆ ಮಾಡೀಯಂತ. ಮೊದಲು ಚಾರ್ಟ್ ಮುರುಗೇಶಗ ಕಳಸು, ರಿಜಲ್ಟ್ ಬರಲಿ" ಎಂದರು. ಮುರುಗೇಶ್ ಸರ್ ನಮ್ಮ ಸಂಖ್ಯಾಶಾಸ್ತ್ರಜ್ಞರು. ಚಾರ್ಟು ಹೋಯಿತು. ಕೀ ಹೋಗಲಿಲ್ಲ. ಫಲಿತಾಂಶ ಎರಡು ದಿನದಲ್ಲಿ ಬಂತು.

ಸರಾಸರಿ ವಿಳಂಬ: ಮೂವತ್ತೆರಡೂವರೆ ತಾಸು. ಸತ್ತ ಮೂವರದು ಅರವತ್ತೇಳು ತಾಸು, ಬದುಕಿದವರದು ಸುಮಾರು ಮೂವತ್ತು.

ಸರ್ ಆ ಹಾಳೆಯನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡರು. ಬರುವ ಭಾನುವಾರ ಹಂಪಿಯ ಹತ್ತಿರದ ರೆಸಾರ್ಟಿನಲ್ಲಿ ವೈದ್ಯರ ಸಮ್ಮೇಳನವಿತ್ತು, ಅಲ್ಲಿ ಅವರ ಭಾಷಣವಿತ್ತು, ಭಾಷಣಕ್ಕೆ ಈವರೆಗೆ ವಿಷಯ ಮಾತ್ರ ಇರಲಿಲ್ಲ. ಈಗ ಸಿಕ್ಕಿತು: "ಮೂವತ್ತೆರಡು ತಾಸು: ಮೂಢನಂಬಿಕೆಯ ಬೆಲೆ." ನಾಟಿ ವೈದ್ಯರ ಬಾಗಿಲಲ್ಲಿ ಕೂತು ಜನ ಹೇಗೆ ಸಾಯುತ್ತಾರೆ ಎಂಬುದಕ್ಕೆ ನಲವತ್ತು ಸಾಲುಗಳ ಸಾಕ್ಷಿ.

ನನಗೂ ಖುಷಿಯೇ. ಶನಿವಾರ ಸಂಜೆ ಐದರೊಳಗೆ ಪ್ರಬಂಧವನ್ನು ವಿಶ್ವವಿದ್ಯಾಲಯಕ್ಕೆ ಅಪ್‌ಲೋಡ್ ಮಾಡಬೇಕು. ಗೈಡಿನ ಸಹಿ ಇರಬೇಕು. ತಪ್ಪಿದರೆ ಪರೀಕ್ಷೆಗೆ ಕೂರುವಂತಿಲ್ಲ. ಮೂರು ವರ್ಷದ ಮೇಲೆ ಇನ್ನೊಂದು ಅರ್ಧ ವರ್ಷ. ಗೈಡು ಖುಷಿಯಾಗಿದ್ದರೆ ಸಹಿ ತಾನಾಗಿ ಬೀಳುತ್ತದೆ. ಆಗ ಬುಧವಾರ.

ಅಂದೇ ಬೆಳಿಗ್ಗೆ ಸರ್ ತಮ್ಮ ಕೋಣೆಯಲ್ಲಿ ನನಗೆ ಉಪಸಂಹಾರ ಹೇಳಿ ಬರೆಸುತ್ತಿದ್ದರು. ಬಾಗಿಲಲ್ಲಿ ದುರ್ಗಕ್ಕ ನಿಂತಿದ್ದಳು. ಪಾದದ ಗಾಯದ ಗುರುತು ತೋರಿಸಲು ತಿಂಗಳಿಗೊಮ್ಮೆ ಬರುತ್ತಾಳೆ, ನನ್ನನ್ನು ಹುಡುಕಿಕೊಂಡೇ ಬರುತ್ತಾಳೆ.

"ಯಾರಮ್ಮ ಇಕಿ?"

"ಕೇಸ್ ನಂಬರ್ ಇಪ್ಪತ್ಮೂರು ಸರ್."

ಸರ್ ಮುಖ ಅರಳಿತು. ಚಾರ್ಟಿನ ಮೇಲೆ ಬೆರಳು ಓಡಿಸಿದರು. ಇಪ್ಪತ್ಮೂರನೆಯ ಸಾಲು, ಒಂಬತ್ತನೆಯ ಕಾಲಮ್ಮು: 99. ಹತ್ತನೆಯ ಕಾಲಮ್ಮು, ನಾಟಿ ಚಿಕಿತ್ಸೆ: 1, ಅಂದರೆ ಹೌದು.

"ನೋಡು, ಜೀವಂತ ಉದಾಹರಣೆ! ಬಾರಮ್ಮ ಒಳಗ. ಏನಮ್ಮಾ, ಹಾವು ಕಡಿದ ಮ್ಯಾಲ ನಾಕು ದಿನ ಮಂತ್ರ ಹಾಕ್ಸಿಕೊಂತ ಕುಂತಿದ್ದೀಯಂತಲ್ಲ? ಜೀವದ ಆಸಿ ಇರಲಿಲ್ಲೇನು?"

ದುರ್ಗಕ್ಕ ನನ್ನ ಮುಖ ನೋಡಿದಳು. ನಾನು ಪೆನ್ನು ನೋಡಿದೆ.

"ನಾಕು ದಿನ ಯಾರ್ರೀ ಕುಂತಾರ ಸಾಹೇಬ್ರ? ಭತ್ತದ ನಾಟಿ ಹಚ್ಚೋ ಹೊತ್ನ್ಯಾಗ ಕಡೀತು. ಹಾವಿನ ಮಂತ್ರ ಹಾಕೋ ಉಚ್ಚೆಂಗೆಪ್ಪನ ಹಂತ್ಯಾಕ ಒಯ್ದ್ರು. ಆ ಪುಣ್ಯಾತ್ಮ ಒಂದ್ ಚಿಟಿಕಿ ಬೂದಿ ಹಚ್ಚಿದ, 'ಇದು ಮಂಡಲದ ಹಾವು, ನನ್ನ ಕೈಲಿ ಆಗಂಗಿಲ್ಲ, ನಡಿ' ಅಂದು ತಾನ ಗಾಡಿ ಕಿಕ್ ಹೊಡದ. ಕಂಪ್ಲಿ ದಾಟಿ ಇಲ್ಲಿಗೆ ಬರಾಕ ಒಂದೂವರಿ ತಾಸು. ಇಲ್ಲಿ ಚೀಟಿ ಮಾಡ್ಸಾಕ ಮತ್ತರ್ಧ ತಾಸು. ಅದನ್ನೂ ಬರಕೊಂಡೀರೇನು?"

"ಸುಳ್ಳು ಹೇಳಬ್ಯಾಡಮ್ಮ, ಇಲ್ಲಿ ಬರದೈತಿ."

"ಬರದಿದ್ದು ಇಕಿನ ಅಲ್ಲೇನ್ರೀ? ಇಕೀನ ಇದ್ಲು ಅವತ್ತು. ನನ್ನ ರಕ್ತ ಗಾಜಿನ ಕೊಳವಿಗೆ ಹಾಕ್ಕೊಂಡು ಅದನ್ನ ನೋಡಿಕೋತ ಕುಂತಿದ್ಲು, ಟಿವಿ ನೋಡಿದಂಗ."

ಹೌದು, ನಾನೇ ಇದ್ದೆ. ರಕ್ತ ಹೆಪ್ಪುಗಟ್ಟುತ್ತದೋ ಇಲ್ಲವೋ ನೋಡಲು ಒಣ ಗಾಜಿನ ನಳಿಕೆಯಲ್ಲಿ ಇಪ್ಪತ್ತು ನಿಮಿಷ ಅಲುಗಿಸದೆ ಇಡಬೇಕು, ಆಮೇಲೆ ಓರೆ ಮಾಡಬೇಕು. ಆ ಇಪ್ಪತ್ತು ನಿಮಿಷವನ್ನು ಮೊಬೈಲಿನಲ್ಲಿ ಸೆಕೆಂಡಿನ ಲೆಕ್ಕದಲ್ಲಿ ಅಳೆದಿದ್ದೆ. ಆಗ ತಲೆಯಲ್ಲಿ ಅಜ್ಜಿಯ ನಾಗಕನ್ನಿಕೆ ಓಡಾಡುತ್ತಿದ್ದಳು. ರಕ್ತ ಹೆಪ್ಪುಗಟ್ಟಲಿಲ್ಲ, ಪ್ರತಿವಿಷ ಕೊಟ್ಟೆ, ಹೆಂಗಸು ಉಳಿದಳು. ಬಂದ ಹೊತ್ತು ಬರೆಯುವುದು ಮಾತ್ರ ಉಳಿಯಿತು. ಎಮರ್ಜೆನ್ಸಿಯ ಕೆಟ್ಟು ನಿಂತ ಗೋಡೆಗಡಿಯಾರ ಯಾವಾಗಲೂ ಹತ್ತು ಹತ್ತು ತೋರಿಸುತ್ತಿತ್ತು ಎಂಬುದು ನನ್ನ ಸಮರ್ಥನೆ.

ಸರ್ ದುರ್ಗಕ್ಕನನ್ನು ಕಳಿಸಿದರು. "ಇವರಿಗೆ ಟೈಮ್ ಸೆನ್ಸ್ ಇರಂಗಿಲ್ಲ. ನೀ ಬರಿ" ಎಂದರು. ಬರೆದೆ. "ಆದ್ದರಿಂದ ಅಜ್ಞಾನವೇ ವಿಳಂಬಕ್ಕೆ ಕಾರಣ." ಆ ವಾಕ್ಯದಲ್ಲಿ ಯಾರ ಅಜ್ಞಾನ ಎಂದು ಹೇಳಿರಲಿಲ್ಲ. ಅಷ್ಟರಮಟ್ಟಿಗೆ ಅದು ನಿಜ.

ಹಾಸ್ಟೆಲಿನಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಾಗ ಅನ್ನದಲ್ಲಿ ಕಲ್ಲು ಸಿಕ್ಕಿತು. ನಮ್ಮ ಮೆಸ್ಸಿನಲ್ಲಿ ಇದು ಸುದ್ದಿಯಲ್ಲ. ಆದರೆ ಅಂದು ಹಲ್ಲು ಕಟಕಟ ಎಂದದ್ದೇ ತಡ, ಅಜ್ಜಿಯ ಒಂದು ಕತೆ ಇಡಿಯಾಗಿ ನೆನಪಾಯಿತು.

ಒಬ್ಬ ರಾಜ ಊರಿನ ಜನರನ್ನು ಎಣಿಸಲು ಶಾನುಭೋಗನನ್ನು ಕಳಿಸಿದನಂತೆ. ಶಾನುಭೋಗ ಬುದ್ಧಿವಂತ. ಕಂಡ ಮನುಷ್ಯನಿಗೊಂದು ಅಕ್ಕಿಕಾಳು ಗಡಿಗೆಗೆ ಹಾಕಿದ. ಮನೆಯಲ್ಲಿ ಸಿಗದವನಿಗೊಂದು ಬೆಣಚುಕಲ್ಲು. ಕಲ್ಲೆಂದರೆ "ಗೊತ್ತಿಲ್ಲ" ಎಂದು ತಾನೊಬ್ಬನೇ ಬಲ್ಲ. ಗಡಿಗೆಯನ್ನು ಅರಮನೆಗೆ ಮುಟ್ಟಿಸಿ ಹೆಂಡತಿಯ ಊರಿಗೆ ಹೋದ. ರಾಣಿ ಗಡಿಗೆ ಕಂಡಳು, ಅಕ್ಕಿಯೆಂದು ಒಲೆಗೇರಿಸಿದಳು. ರಾಜನ ಮುಂದಿನ ಎರಡು ಹಲ್ಲು ಉದುರಿದವು. ರಾಜ ಶಾನುಭೋಗನನ್ನು ಹಿಡಿಸಲಿಲ್ಲ, ರಾಣಿಯನ್ನು ಬೈಯಲಿಲ್ಲ. "ಈ ಊರಿನ ಜನ ಭಾಳ ಗಟ್ಟಿ ಆಗ್ಯಾರ" ಎಂದು ಊರಿಗೇ ದಂಡ ಹಾಕಿದನಂತೆ.

ತಟ್ಟೆ ಬಿಟ್ಟು ಎದ್ದೆ. ಮುರುಗೇಶ್ ಸರ್‌ಗೆ ನಾನು ಕೀ ಕಳಿಸಿರಲಿಲ್ಲ. ನನ್ನ ಹನ್ನೆರಡು ಕಲ್ಲುಗಳನ್ನು ಅವರು ಅಕ್ಕಿಯೆಂದು ಬೇಯಿಸಿದ್ದರು. ಗೊತ್ತಿಲ್ಲ ಎಂಬುದಕ್ಕೆ ಹಾಕಿದ 99, ತೊಂಬತ್ತೊಂಬತ್ತು ತಾಸಾಗಿತ್ತು. ಮೊಬೈಲಿನಲ್ಲೇ ಕೂಡಿದೆ. ಹೊತ್ತು ಬರೆದಿದ್ದ ಇಪ್ಪತ್ತೆಂಟು ಜನರದು ಒಟ್ಟು ನೂರ ಹನ್ನೆರಡು ತಾಸು. ತಲೆಗೆ ನಾಲ್ಕು. ಸತ್ತ ಮೂವರಲ್ಲಿ ಇಬ್ಬರದು 99. ಅವರು ಬಂದಾಗ ನಾವೆಲ್ಲ ಉಸಿರಿನ ಕೊಳವೆ ಹಾಕಲು ಓಡುತ್ತಿದ್ದೆವು, ಹೊತ್ತು ಬರೆಯಲು ಯಾರೂ ನಿಂತಿರಲಿಲ್ಲ. ತಡವಾಗಿ ಬಂದು ಸತ್ತರೋ ಬೇಗ ಬಂದೂ ಸತ್ತರೋ ನಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಅವರ ಮೇಲೆ ದಂಡ ಹಾಕಿದ್ದೆವು.

ಮುರುಗೇಶ್ ಸರ್ ರಜೆಯಲ್ಲಿದ್ದರು. ಅವರ ಹೆಂಡತಿ ದೋಣಿಮಲೈ ಶಾಲೆಯ ಟೀಚರು, ಅಲ್ಲಿಯ ಕ್ವಾರ್ಟರ್ಸಿನಲ್ಲಿ ಮನೆ. ತಿದ್ದಿದ ಫಲಿತಾಂಶದ ಮೇಲೆ ಅವರ ಸಹಿಯೂ ಬೇಕು, ಸಹಿ ಫೋನಿನಲ್ಲಿ ಬರುವುದಿಲ್ಲ. ಗುರುವಾರ ಬೆಳಿಗ್ಗೆ ಸಂಡೂರಿನ ಬಸ್ಸು ಹತ್ತಿದೆ. ಮುಂದೆ ಹೋಗುವ ಅದಿರಿನ ಲಾರಿಗಳ ಕೃಪೆಯಿಂದ, ಇಳಿಯುವ ಹೊತ್ತಿಗೆ ನನ್ನ ಬಿಳಿ ದುಪಟ್ಟಾ ಕುಂಕುಮಾರ್ಚನೆ ಮಾಡಿಸಿಕೊಂಡಿತ್ತು.

"ಬರ್ರಿ ಮೇಡಂ, ಕುಂದ್ರಿ" ಎಂದರು ಮುರುಗೇಶ್ ಸರ್. ಕೀ ಹಾಳೆಯನ್ನು ಕೈಗಿಟ್ಟೆ. ಓದಿದರು. ಕನ್ನಡಕ ತೆಗೆದರು.

"ಇದು ಈಗ ಕೊಡ್ತೀರೇನ್ರಿ? ನಿಮ್ಮ ಎಸ್.ಡಿ. ನಲವತ್ನಾಕು ಬಂದಿತ್ತು. ಸರಾಸರಿ ಮೂವತ್ತೆರಡು, ಅದರ ಏರಿಳಿತ ನಲವತ್ನಾಕು! ಏನೋ ಹೊಲಸು ಐತಿ ಅಂತ ನಾ ಮಾರ್ಜಿನ್ನಾಗ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸಿದ್ದೆ. ನೋಡ್ಲಿಲ್ಲ?"

ನೋಡಿದ್ದೆ. ಪೆನ್ನು ಜಾರಿದ್ದು ಅಂದುಕೊಂಡಿದ್ದೆ.

"ಫೋನ್ ಮಾಡಬಹುದಿತ್ತಲ್ಲ ಸರ್?"

"ನಿಮ್ಮ ಹೆಚ್ಒಡಿಗೆ ಮಾಡಿದ್ದೆ. 'ರಿಜಲ್ಟ್ ಭಾಳ ಚಲೋ ಬಂದೈತಿ, ಕೆಡಸಬ್ಯಾಡ್ರಿ' ಅಂದ್ರು. ಮೂವತ್ತು ಪಿ.ಜಿ. ಚಾರ್ಟ್ ಬರ್ತಾವ ನನಗ. ಒಬ್ಬರು ಗಂಡಸಿಗೆ 1 ಅಂತಾರ, ಇನ್ನೊಬ್ಬರು 0 ಅಂತಾರ. ಕೀ ಇಲ್ಲಂದ್ರ ನಾನೇನು ಶಕುನ ಹೇಳಲೇನ್ರಿ?"

ಆ ಹನ್ನೆರಡು ಮನೆಗಳನ್ನು ಅಳಿಸಿ ಖಾಲಿ ಬಿಟ್ಟರು. ಕಂಪ್ಯೂಟರಿಗೆ ಹತ್ತು ಸೆಕೆಂಡು. ಸರಾಸರಿ ನಾಲ್ಕು ತಾಸು, ಇಪ್ಪತ್ತೆಂಟು ಜನರಿಂದ. ಹನ್ನೆರಡು ಜನರದು ದಾಖಲಾಗಿಲ್ಲ. ನಾಟಿ ವೈದ್ಯರ ಕಡೆ ಹೋಗಿ ಬಂದವರಿಗೂ ನೇರ ಬಂದವರಿಗೂ ಅರ್ಧ ತಾಸಿನ ವ್ಯತ್ಯಾಸ. ಸಾವಿಗೂ ವಿಳಂಬಕ್ಕೂ ಸಂಬಂಧ ಹೇಳಲು ಬರುವುದಿಲ್ಲ, ಏಕೆಂದರೆ ಸತ್ತವರಲ್ಲಿ ಒಬ್ಬರದು ಮಾತ್ರ ಹೊತ್ತು ಗೊತ್ತು. ಮೂರು ತಾಸು. ಸಹಿ ಹಾಕಿಕೊಟ್ಟರು. ಅವರ ಹೆಂಡತಿ ಅವಲಕ್ಕಿ ಕೊಟ್ಟರು. ಅದರಲ್ಲಿ ಕಲ್ಲಿರಲಿಲ್ಲ.

ಶುಕ್ರವಾರ ಹತ್ತೂವರೆಗೆ ಸರ್ ಮುಂದೆ ನಿಂತೆ. ಮೇಜಿನ ಮೇಲೆ ಭಾಷಣದ ಫಲಕದ ನಮೂನೆ ಇತ್ತು. ಮೂವತ್ತೆರಡು ಎಂಬ ಅಂಕಿ ಕೆಂಪಗೆ, ಪಕ್ಕದಲ್ಲಿ ಹೆಡೆಯೆತ್ತಿದ ನಾಗರಹಾವು. ನಮ್ಮ ನಲವತ್ತರಲ್ಲಿ ನಾಗರ ಕಚ್ಚಿದ್ದು ಐವರಿಗೆ. ಚಿತ್ರಕ್ಕೆ ಕೊಳಕುಮಂಡಲ ಚೆನ್ನಾಗಿ ಬರುವುದಿಲ್ಲವಂತೆ.

ವಿಷಯ ಹೇಳಿದೆ. ಸರ್ ಫಲಕವನ್ನೇ ನೋಡಿದರು, ಮನೆಯವರ ಫೋಟೋ ನೋಡಿದ ಹಾಗೆ.

"ನಾಕು ತಾಸು? ನಾಕು ತಾಸಿಟ್ಟುಕೊಂಡು ನಾ ಹಂಪ್ಯಾಗ ಏನು ಮಾತಾಡ್ಲೆಮ್ಮ? ಜನ ಜಲ್ದಿ ಬಂದ್ರು ಅಂತಲಾ? ಅದಕ್ಯಾರು ಚಪ್ಪಾಳಿ ಹೊಡೀತಾರ?"

"ಸರ್, ಹನ್ನೆರಡು..."

"ಆ ಹನ್ನೆರಡಕ್ಕ ಏನಾರ ಒಂದು ಹಾಕು. ಇಪ್ಪತ್ನಾಕು ಹಾಕು, ಮೂವತ್ತಾರು ಹಾಕು. ಅವರೇನು ಬಂದು ಜಗಳಾಡ್ತಾರೇನು? ನೆನಪಿನ ಮ್ಯಾಲ ಕೇಳಿ ಬರಕೊಂಡ್ವಿ ಅಂದ್ರಾತು. ಇಲ್ಲಂದ್ರ ತಿರುಗಿ ಬರಿ, ಉಪಸಂಹಾರ ಪೂರಾ ತಿರುಗಿ ಬರಿ. ಸೋಮವಾರ ನೋಡ್ತೀನಿ."

ಶನಿವಾರ ಕೊನೆಯ ದಿನ. ಸೋಮವಾರ ನೋಡುತ್ತೇನೆ ಎಂದರೆ ಆರು ತಿಂಗಳಾದ ಮೇಲೆ ನೋಡುತ್ತೇನೆ ಎಂದು. ಅದು ಇಬ್ಬರಿಗೂ ಗೊತ್ತಿತ್ತು.

ಅಜ್ಜಿಯ ಕತೆಯ ಹುಡುಗಿಯಾಗಿದ್ದರೆ ಸತ್ಯ ಹೇಳಿ, ನೆಲ ಬಿರಿದು, ಹೂಮಳೆ ಸುರಿಸಿಕೊಳ್ಳುತ್ತಿದ್ದೆ. ಮೆಡಿಸಿನ್ ವಿಭಾಗದ ನೆಲ ವಿಟ್ರಿಫೈಡ್ ಟೈಲ್ಸಿನದು, ಬಿರಿಯುವುದಿಲ್ಲ. ಚಾರ್ಟನ್ನು ಮೇಜಿನ ಮೇಲೆ ಹರಡಿದೆ.

"ಹಂಗ ಮಾಡ್ತೀನಿ ಸರ್. ಆದ್ರ ಹೊರಗಿನ ಪರೀಕ್ಷಕರು, ಎಕ್ಸ್‌ಟರ್ನಲ್, ಯಾರು ಬರ್ತಾರ ಈ ಸಲ?"

"ಯಾಕ?"

"ಹೋದ ವರ್ಷದೋರ ಬಂದ್ರ ಅಂತ. ಅವರು ಪುಸ್ತಕ ಹಿಂದಿನಿಂದ ತೆಗೀತಾರಂತ. ಮೊದಲು ಮಾಸ್ಟರ್ ಚಾರ್ಟ್. ಸ್ಕೇಲ್ ಇಟ್ಟು ಸಾಲು ಸಾಲು ಓದ್ತಾರಂತ. ಸೌಜನ್ಯಕ್ಕನ ಗೈಡ್‌ನ ಕರದು ಕೇಳಿದ್ರಂತಲ್ಲ, 'ಇದನ್ನ ನೀವು ಓದಿ ಸಹಿ ಮಾಡಿದ್ರೋ, ಸಹಿ ಮಾಡಿ ಓದಿದ್ರೋ' ಅಂತ."

ಅವರ ಮೇಜಿನ ಮೇಲಿದ್ದ ಸ್ಕೇಲನ್ನೇ ತೆಗೆದು ಇಪ್ಪತ್ಮೂರನೆಯ ಸಾಲಿನ ಕೆಳಗಿಟ್ಟೆ.

"ಐದನೇ ಕಾಲಮ್ಮು ಕಚ್ಚಿದ ದಿನಾಂಕ ಸರ್. ಆರನೇದು ದಾಖಲಾದ ದಿನಾಂಕ. ಎರಡೂ ಒಂದ ದಿನ. ಒಂಬತ್ತನೇದ್ರಾಗ ತೊಂಬತ್ತೊಂಬತ್ತು ತಾಸು. ಮೂವತ್ತಾರು ಹಾಕಿದ್ರೂ ಅಷ್ಟ. ಹನ್ನೆರಡ್ರಾಗ ಒಂಬತ್ತು ಸಾಲು ಹಿಂಗ ಅದಾವ. ಒಂದ ದಿನದಾಗ ಮೂವತ್ತಾರು ತಾಸು ಹೆಂಗಂತ ಕೇಳಿದ್ರ..."

"ಕೇಳಿದ್ರ ನಿನ್ನ ಕೇಳ್ತಾರ."

"ನನಗ ಉತ್ತರ ಬರಂಗಿಲ್ಲ ಸರ್. ಗೈಡ್‌ನ ಕೇಳ್ರಿ ಅಂತೀನಿ."

ಸರ್ ಸ್ಕೇಲನ್ನು ತಾವೇ ಹಿಡಿದು ಒಂದೊಂದೇ ಸಾಲು ಇಳಿದರು. ನನ್ನ ಮೂರು ವರ್ಷದಲ್ಲಿ ಒಬ್ಬ ಗೈಡು ಮಾಸ್ಟರ್ ಚಾರ್ಟ್ ಓದುವುದನ್ನು ನೋಡಿದ್ದು ಅದೇ ಮೊದಲು. ನಲವತ್ತನೆಯ ಸಾಲು ಮುಟ್ಟಿದಾಗ ಬೆವರು ಒರೆಸಿಕೊಂಡರು. ಸತ್ಯಕ್ಕೆ ಜಯ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಯಾರ ಭಯದಿಂದ ಎಂಬುದನ್ನು ಬರೆದಿರುವುದಿಲ್ಲ.

"ಖಾಲಿ ಬಿಡು. ಗೆರಿ ಎಳಿ" ಎಂದರು. "ಕೀ ಒಳಗ ಏನಂತ ಬರೀತಿ?"

ಹಳೆಯ ಕೀಯಲ್ಲಿ 99ರ ಮುಂದೆ "ರೋಗಿಯಿಂದ ಮಾಹಿತಿ ಲಭ್ಯವಿಲ್ಲ" ಎಂದಿತ್ತು. ಅದೂ ಪರಂಪರೆಯಿಂದ ಬಂದದ್ದೇ. ನಾನು ಹೊಸದನ್ನು ತೋರಿಸಿದೆ: "ಗೆರೆ: ದಾಖಲಿಸುವ ವೈದ್ಯರು ಬರೆದುಕೊಂಡಿಲ್ಲ."

"ಇದು ನಮ್ಮ ಮ್ಯಾಲ ಬರತೈತಲ್ಲಮ್ಮ."

"ಹನ್ನೆರಡ್ರಾಗ ಏಳು ನಾನ ಸರ್. ನನ್ನ ಮ್ಯಾಲ ಬರಲಿ."

ಪುಣ್ಯಕ್ಕೆ ನನ್ನ ಮೇಲೆ ಬರುವುದರಲ್ಲಿ ಅವರಿಗೆ ಆಕ್ಷೇಪವಿರಲಿಲ್ಲ. ಸಹಿ ಬಿತ್ತು. ಶನಿವಾರ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಅಪ್‌ಲೋಡ್ ಆಯಿತು. ಈ ಸಲ ಹೊತ್ತು ಬರೆದಿಟ್ಟುಕೊಂಡೆ.

ಭಾನುವಾರ ಹಂಪಿಯಲ್ಲಿ ಸರ್ ಅದ್ಭುತವಾಗಿ ಮಾತಾಡಿದರು. ಫಲಕದಲ್ಲಿ ನಾಗರಹಾವು ಅಲ್ಲೇ ಇತ್ತು, ಅಂಕಿ ಬದಲಾಗಿತ್ತು: "ನಾಲ್ಕು ತಾಸು: ನಮ್ಮ ವಿಭಾಗದ ಜಾಗೃತಿಯ ಫಲ." ನಮ್ಮ ವಿಭಾಗ ಯಾವ ಜಾಗೃತಿ ಮಾಡಿತ್ತು ಎಂದು ಪಕ್ಕದಲ್ಲಿದ್ದ ಸೌಜನ್ಯಕ್ಕನನ್ನು ಕೇಳಿದೆ. "ಸುಮ್ನ ಚಪ್ಪಾಳಿ ಹೊಡಿಯಲೇ" ಎಂದಳು. ಹೊಡೆದೆ. ಉಚ್ಚೆಂಗೆಪ್ಪನ ಗಾಡಿಯ ಕಿಕ್ ನೆನೆದು ಹೊಡೆದೆ.

ಮುಂದಿನ ತಿಂಗಳು ದುರ್ಗಕ್ಕ ಬಂದಳು. "ಏನವ್ವಾ, ನನ್ನ ನಾಕು ದಿನ ಏನಾತು?" ಎಂದು ಬಾಗಿಲಲ್ಲೇ ಕೇಳಿದಳು.

"ತೆಗದು ಹಾಕಿದೆನಬೇ."

"ಒಂದೂವರಿ ತಾಸು ಅಂತ ಬರದಿ?"

"ಇಲ್ಲಬೇ. ಗೆರಿ ಎಳದೀನಿ. ಅವತ್ತು ಬರಕೊಂಡಿಲ್ಲಲ್ಲ, ಇಷ್ಟು ದಿನ ಆದ ಮ್ಯಾಲ ಬರೀಬಾರದು."

"ಮತ್ತ ಈಗ ಹೇಳಾಕತ್ತೀನಲ್ಲ! ನಾನ ಹೇಳಿದ್ರೂ ಗೆರಿ ಏನು? ಓದಿದೋರ ಬುದ್ಧಿ ಓದಿದೋರಿಗೆ ಚಂದ ಬಿಡವ್ವ" ಎಂದು ಪಾದ ಮುಂದೆ ಚಾಚಿದಳು. ಗಾಯ ಮಾಗಿತ್ತು.

ಇನ್ನು ವಿಭಾಗದ ಸುಧಾರಣೆ. ಹಂಪಿಯಿಂದ ಬಂದ ಮರುದಿನವೇ ಸರ್ ಸುತ್ತೋಲೆ ಹೊರಡಿಸಿದರು: ಹಾವು ಕಡಿತದ ಪ್ರತಿ ಕೇಸ್ ಶೀಟಿನಲ್ಲಿ ವಿಳಂಬದ ಕಾಲಮ್ಮು ಕಡ್ಡಾಯವಾಗಿ ತುಂಬಿರಬೇಕು, ಗೆರೆ ಎಳೆದವರಿಗೆ ನೋಟಿಸು. ಮೊನ್ನೆ ಎಮರ್ಜೆನ್ಸಿ ಡ್ಯೂಟಿಯಲ್ಲಿ ಹೊಸ ಶೀಟುಗಳ ಕಟ್ಟು ತಿರುವಿ ನೋಡಿದೆ. ಒಂದೂ ಖಾಲಿ ಇಲ್ಲ. ಎಲ್ಲದರಲ್ಲೂ ದುಂಡಗಿನ ಅಕ್ಷರದಲ್ಲಿ ಒಂದೇ ಅಂಕಿ: 4.

ತಲೆಯೆತ್ತಿ ಗೋಡೆಗಡಿಯಾರ ನೋಡಿದೆ. ಹತ್ತು ಹತ್ತು.